ಹಾಲೂಡಿಸುವ ನಾಯಿಗೆ ನಡುಕ ಬಂದರೆ: ಎಕ್ಲಾಂಪ್ಸಿಯಾ ಗುರುತಿಸುವ ಮತ್ತು ಕ್ಯಾಲ್ಸಿಯಂ ಡ್ರಿಪ್ ಕೊಡುವ ಬಗೆ

ಆರು ಕೆಜಿ ತೂಕದ ಪೊಮೆರೇನಿಯನ್ ನಾಯಿ, ಮೊದಲ ಹೆರಿಗೆ, ಐದು ಮರಿ. ಮರಿ ಹಾಕಿ ಹದಿನೆಂಟು ದಿನವಾಗಿದೆ. ಬೆಳಿಗ್ಗೆ ಮರಿಗಳು ಮೊಲೆ ಹುಡುಕಿಕೊಂಡು ಬಂದರೆ ತಾಯಿ ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಲ್ಲದಿದ್ದರೂ ಏದುಸಿರು, ಸುಮ್ಮನೆ ಕುಂಯ್‌ಗುಡುವುದು, ಮುಖವನ್ನು ಗೋಡೆಗೆ ಉಜ್ಜುವುದು. ಸಂಜೆ ಆರಕ್ಕೆ ಹಿಂಗಾಲು ಮಡಚಲು ಬರದೆ ಕೋಲಿನ ಮೇಲೆ ನಿಂತಂತೆ ನಡೆಯುತ್ತದೆ. ಏಳಕ್ಕೆ ಮೈಯೆಲ್ಲ ನಡುಕ, ಬಾಯಿಂದ ಜೊಲ್ಲು, ಜ್ವರ 106 ಡಿಗ್ರಿ ಫ್ಯಾರನ್‌ಹೀಟ್.

ಎಕ್ಲಾಂಪ್ಸಿಯಾ ಸಾಮಾನ್ಯವಾಗಿ ಬರುವುದೇ ಹೀಗೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಉಂಟಾಗುವ ಈ ಸೆಟೆತವನ್ನು ಸರಿಯಾಗಿ ಗುರುತಿಸಿ ಶಿರೆಯ ಮೂಲಕ ಕ್ಯಾಲ್ಸಿಯಂ ಕೊಟ್ಟರೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ನಡುಕ ನಿಲ್ಲುತ್ತದೆ. ಅದೇ ಕ್ಯಾಲ್ಸಿಯಂ ಎರಡು ನಿಮಿಷದಲ್ಲಿ ಒಳಗೆ ಹೋದರೆ ಹೃದಯವೇ ನಿಲ್ಲಬಹುದು. ಔಷಧಿಯ ಪ್ರಮಾಣದಷ್ಟೇ ಅದು ಒಳಹೋಗುವ ವೇಗವೂ ಮುಖ್ಯ ಎಂಬುದನ್ನು ಈ ಬರಹದುದ್ದಕ್ಕೂ ನೆನಪಿಟ್ಟುಕೊಳ್ಳಿ. ಲೆಕ್ಕಗಳನ್ನೆಲ್ಲ ಈ ಆರು ಕೆಜಿಯ ನಾಯಿಯನ್ನೇ ಮುಂದಿಟ್ಟುಕೊಂಡು ಮಾಡೋಣ. ಡ್ರಿಪ್ ಕೊಡುವ ಭಾಗ ಪಶುವೈದ್ಯರಿಗೆ ಮತ್ತು ಅವರ ಜೊತೆ ಕೈಜೋಡಿಸುವವರಿಗೆ. ನಾಯಿ ಸಾಕಿದವರು ಅದನ್ನು ಮನೆಯಲ್ಲಿ ಮಾಡಬಾರದು. ಆದರೆ ಮೇಜಿನ ಮೇಲೆ ಮಲಗಿರುವ ತಮ್ಮ ನಾಯಿಗೆ ಏನು ನಡೆಯುತ್ತಿದೆ, ಯಾಕೆ ಇಷ್ಟು ನಿಧಾನ ಎಂದು ಅವರಿಗೂ ತಿಳಿದಿರಬೇಕು.

ಒಳಗೆ ಆಗುತ್ತಿರುವುದೇನು

ಹೆತ್ತ ಮೇಲೆ ಹಾಲು ದಿನೇದಿನೇ ಏರಿ, ಮೂರು ನಾಲ್ಕನೇ ವಾರದಲ್ಲಿ ಅತಿ ಹೆಚ್ಚಾಗುತ್ತದೆ. ಹಾಲಿನ ಜೊತೆ ಹೋಗುವ ಕ್ಯಾಲ್ಸಿಯಂ ಅನ್ನು ತಾಯಿಯ ದೇಹ ಕರುಳಿನಿಂದಲೋ ಮೂಳೆಯಿಂದಲೋ ತುಂಬಿಕೊಳ್ಳಬೇಕು. ಸಣ್ಣ ಮೈಯ ನಾಯಿಗೆ ಮರಿಗಳು ಹೆಚ್ಚಿದ್ದರೆ ತುಂಬಿಕೊಳ್ಳುವ ವೇಗಕ್ಕಿಂತ ಖರ್ಚಿನ ವೇಗ ಹೆಚ್ಚಾಗುತ್ತದೆ. ಅದಕ್ಕೇ ಪೊಮೆರೇನಿಯನ್, ಪಗ್, ಶಿಟ್ಜು, ಡ್ಯಾಶ್‌ಹಂಡ್, ಚಿವಾವಾದಂಥ ತಳಿಗಳಲ್ಲಿ ಇದು ಹೆಚ್ಚು. ನಮ್ಮಲ್ಲಿ ಪೊಮೆರೇನಿಯನ್ ಎಂದು ಕರೆಯುವ ಇಂಡಿಯನ್ ಸ್ಪಿಟ್ಜ್ ಕೂಡ ಈ ಗುಂಪಿಗೇ ಸೇರಿದ್ದು. ಹೆಚ್ಚಿನ ಪ್ರಕರಣಗಳು ಹೆತ್ತ ಮೊದಲ ನಾಲ್ಕು ವಾರದೊಳಗೆ ಬರುತ್ತವೆ. ಗರ್ಭದ ಕೊನೆಯ ದಿನಗಳಲ್ಲೂ ಅಪರೂಪಕ್ಕೆ ಕಾಣಿಸುವುದುಂಟು.

ದನ ಸಾಕಿದವರಿಗೆ ಇಲ್ಲಿ ಒಂದು ಗೊಂದಲವಾಗುತ್ತದೆ. ಕರು ಹಾಕಿದ ಹಸುವಿಗೆ ಹಾಲುಜ್ವರ ಬಂದರೆ ಅದು ಕುಸಿದು ಮಲಗುತ್ತದೆ, ಕಿವಿ ತಣ್ಣಗಾಗುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಂಕಾಗುತ್ತದೆ. ನಾಯಿಗೆ ಬರುವುದೂ ಕ್ಯಾಲ್ಸಿಯಂ ಕೊರತೆಯೇ. ಆದರೂ ನಾಯಿ ಸೆಟೆಯುತ್ತದೆ, ನಡುಗುತ್ತದೆ, ಕಾದ ಹೆಂಚಿನಂತೆ ಬಿಸಿಯಾಗುತ್ತದೆ. ಹಸುವಿನಲ್ಲಿ ನರದಿಂದ ಸ್ನಾಯುವಿಗೆ ಸಂದೇಶ ದಾಟುವುದೇ ನಿಂತುಹೋಗುತ್ತದೆ. ನಾಯಿಯಲ್ಲಿ ಆ ದಾಟುವಿಕೆ ಉಳಿದುಕೊಂಡಿರುತ್ತದೆ. ಆದರೆ ನರದ ಪೊರೆಯನ್ನು ಶಾಂತವಾಗಿಡುವ ಕ್ಯಾಲ್ಸಿಯಂ ಕಡಿಮೆಯಾದ್ದರಿಂದ ನರಗಳು ಯಾರೂ ಕೇಳದೆಯೇ ಮತ್ತೆ ಮತ್ತೆ ಸಂದೇಶ ಹಾರಿಸುತ್ತವೆ. ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ಬಿಡುವಿಲ್ಲದ ಆ ದುಡಿಮೆಯಿಂದಲೇ ಮೈ ಕಾಯುತ್ತದೆ. ಇದು ಸೋಂಕಿನ ಜ್ವರವಲ್ಲ, ಹಾಗಾಗಿ ಪ್ಯಾರಾಸಿಟಮಾಲ್ ಅಥವಾ ಮೆಲಾಕ್ಸಿಕಾಮ್ ಕೊಟ್ಟರೆ ಇಳಿಯುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ರಕ್ತದಲ್ಲಿರುವ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನು ಮತ್ತಿತರ ವಸ್ತುಗಳಿಗೆ ಅಂಟಿಕೊಂಡಿರುತ್ತದೆ. ನರಗಳಿಗೆ ಉಪಯೋಗಕ್ಕೆ ಬರುವುದು ಅಂಟದೆ ಬಿಡಿಯಾಗಿರುವ, ಅಂದರೆ ಅಯಾನೀಕೃತ ಕ್ಯಾಲ್ಸಿಯಂ ಮಾತ್ರ. ನಾಯಿ ಏದುಸಿರು ಬಿಡುತ್ತಾ ಹೋದಂತೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ರಕ್ತ ಕ್ಷಾರೀಯವಾಗುತ್ತದೆ. ಆಗ ಇನ್ನಷ್ಟು ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ಬಿಡಿ ಕ್ಯಾಲ್ಸಿಯಂ ಮತ್ತೂ ಇಳಿಯುತ್ತದೆ. ನಡುಕದಿಂದ ಬಿಸಿ, ಬಿಸಿಯಿಂದ ಏದುಸಿರು, ಏದುಸಿರಿನಿಂದ ಇನ್ನಷ್ಟು ನಡುಕ. ಮಧ್ಯಾಹ್ನ ಬರೀ ಚಡಪಡಿಸುತ್ತಿದ್ದ ನಾಯಿ ರಾತ್ರಿಯೊಳಗೆ ಫಿಟ್ಸ್‌ಗೆ ಹೋಗುವುದು ಈ ಸುತ್ತಿನಿಂದ.

ಒಟ್ಟು ಕ್ಯಾಲ್ಸಿಯಂ ಪ್ರತಿ ಡೆಸಿಲೀಟರಿಗೆ 7 ಮಿ.ಗ್ರಾಂಗಿಂತ ಕೆಳಗೆ, ಅಥವಾ ಅಯಾನೀಕೃತ ಕ್ಯಾಲ್ಸಿಯಂ ಲೀಟರಿಗೆ 0.8 ಮಿಲಿಮೋಲ್‌ಗಿಂತ ಕೆಳಗೆ ಇದ್ದರೆ ರೋಗ ಖಚಿತ. ಒಟ್ಟು ಕ್ಯಾಲ್ಸಿಯಂ ಅಷ್ಟೇನೂ ಇಳಿಯದೆ ಅಯಾನೀಕೃತ ಮಾತ್ರ ಕುಸಿದಿರುವ ನಾಯಿಗಳೂ ಇರುತ್ತವೆ. ಸಾಧ್ಯವಿದ್ದರೆ ಕ್ಯಾನುಲಾ ಹಾಕಿದ ಕೂಡಲೇ, ಕ್ಯಾಲ್ಸಿಯಂ ಕೊಡುವ ಮೊದಲೇ, ಸ್ವಲ್ಪ ರಕ್ತ ತೆಗೆದಿಡಿ. ಆದರೆ ನಡುಗುತ್ತಿರುವ ನಾಯಿಯನ್ನು ಮುಂದಿಟ್ಟುಕೊಂಡು ಲ್ಯಾಬ್ ವರದಿಗೆ ಕಾಯಬೇಡಿ. ಹಾಲೂಡಿಸುವ ಸಣ್ಣ ತಳಿ, ಸೆಟೆತ, ಜ್ವರ, ಇಷ್ಟು ಕೂಡಿದರೆ ಚಿಕಿತ್ಸೆ ಶುರುಮಾಡಲು ಸಾಕು.

ಗುರುತಿಸುವುದು, ಮತ್ತು ಎಲ್ಲಿ ಮೋಸಹೋಗುತ್ತೇವೆ

ಮೊದಲ ಹಂತದ ಲಕ್ಷಣಗಳು ಚಿಕ್ಕವು, ಅದಕ್ಕೇ ಕಣ್ತಪ್ಪುತ್ತವೆ. ಮರಿಗಳ ಮೇಲಿನ ಗಮನ ಹೋಗುವುದು, ಒಂದೆಡೆ ನಿಲ್ಲದೆ ಓಡಾಡುವುದು, ತಂಪಿನಲ್ಲೂ ಏದುಸಿರು, ಮುಖ ಕೆರೆದುಕೊಳ್ಳುವುದು. ಮುಖಕ್ಕೆ ತುರಿಕೆಯಾದಂತೆ ಉಜ್ಜುವ ನಾಯಿಯನ್ನು ಚರ್ಮದ ಕಾಯಿಲೆ ಎಂದುಕೊಂಡು ಬಿಟ್ಟುಬಿಡುವುದುಂಟು. ಅದು ನರಗಳು ಜುಮುಗುಡುವ ಸೂಚನೆ.

ಎರಡನೇ ಹಂತದಲ್ಲಿ ನಡಿಗೆ ಬದಲಾಗುತ್ತದೆ. ತೊಡೆಯ ಮೇಲೆ ಕೈಯಿಟ್ಟರೆ ಚರ್ಮದಡಿ ಸ್ನಾಯು ಸಣ್ಣಗೆ ಪಟಪಟಿಸುವುದು ಬೆರಳಿಗೆ ತಿಳಿಯುತ್ತದೆ. ಕಣ್ಣಿಗೆ ನಡುಕ ಕಾಣುವ ಮೊದಲೇ ಹೀಗೆ ಕೈಗೆ ಸಿಗುತ್ತದೆ, ಪರೀಕ್ಷೆ ಮಾಡುವವರು ಇದನ್ನು ಮರೆಯಬಾರದು. ಮೂರನೇ ಹಂತದಲ್ಲಿ ನಾಯಿ ಪಕ್ಕಕ್ಕೆ ಬಿದ್ದು ನಾಲ್ಕೂ ಕಾಲು ಚಾಚಿ ಸೆಟೆಯುತ್ತದೆ. ಬಾಯಿ ಬಿಗಿದು ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಹೃದಯ ನಿಮಿಷಕ್ಕೆ 180ರಿಂದ 200 ಸಲ ಬಡಿಯುತ್ತದೆ. ಸದ್ದು ಮಾಡಿದರೆ, ಮುಟ್ಟಿದರೆ ಸೆಟೆತ ಹೆಚ್ಚುತ್ತದೆ. ಇಲ್ಲಿಂದ ಮುಂದೆ ಸಾವು ಬರುವುದು ಅತಿ ತಾಪದಿಂದ, ಮಿದುಳಿನ ಊತದಿಂದ ಅಥವಾ ಉಸಿರಾಟದ ಸ್ನಾಯುಗಳು ಬಿಗಿದು.

ಇದೇ ಚಿತ್ರ ಕೊಡುವ ಬೇರೆ ಕಾಯಿಲೆಗಳನ್ನೂ ಒಮ್ಮೆ ಮನಸ್ಸಿನಲ್ಲಿ ಹಾಯಿಸಿಕೊಳ್ಳಬೇಕು. ಉಣ್ಣೆಹುಳಕ್ಕೆಂದು ಕೀಟನಾಶಕ ಸವರಿದ್ದರೆ, ಅಥವಾ ಹೊಲಕ್ಕೆ ಹೊಡೆದ ಔಷಧಿ ನೆಕ್ಕಿದ್ದರೆ ಜೊಲ್ಲು, ನಡುಕ ಎರಡೂ ಬರುತ್ತವೆ. ಆದರೆ ಅಲ್ಲಿ ಸಾಮಾನ್ಯವಾಗಿ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ವಾಂತಿ ಭೇದಿಯೂ ಇರುತ್ತದೆ. ಸಕ್ಕರೆ ಇಳಿದರೂ ಫಿಟ್ಸ್ ಬರುತ್ತದೆ, ಅದು ಎಕ್ಲಾಂಪ್ಸಿಯಾದ ಜೊತೆಗೇ ಇರಬಹುದಾದ್ದರಿಂದ ಗ್ಲೂಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡಿಬಿಡಿ. ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಇದ್ದರೆ ಜ್ವರವಿರುತ್ತದೆ, ಸೆಟೆತ ಇರುವುದಿಲ್ಲ. ಲಸಿಕೆ ಹಾಕಿಸದ ನಾಯಿ ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ವರ್ತಿಸುತ್ತಿದ್ದರೆ ರೇಬೀಸ್ ಶಂಕೆ ಇರಲೇಬೇಕು. ಬರಿಗೈಯಲ್ಲಿ ಬಾಯಿ ಬಿಡಿಸಿ ನೋಡಲು ಹೋಗಬೇಡಿ.

ಆಸ್ಪತ್ರೆ ತಲುಪುವವರೆಗೆ

ಮೊದಲು ಮರಿಗಳನ್ನು ಬೇರೆ ಮಾಡಿ. ಹೊರಹೋಗುತ್ತಿರುವ ಕ್ಯಾಲ್ಸಿಯಂ ಅಲ್ಲಿಗೇ ನಿಲ್ಲುತ್ತದೆ. ತಾಯಿಯನ್ನು ಮಬ್ಬು ಬೆಳಕಿನ, ಸದ್ದಿಲ್ಲದ ಜಾಗದಲ್ಲಿ ಮಲಗಿಸಿ. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ತಾಪ ನೋಡಿ. ನಾಯಿಗೆ 101ರಿಂದ 102.5 ಡಿಗ್ರಿ ಸಹಜ. 104 ದಾಟಿದ್ದರೆ ನಲ್ಲಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊಟ್ಟೆ, ತೊಡೆಸಂದು, ಪಾದ ಒರೆಸಿ ಫ್ಯಾನ್ ಹಾಕಿ. ಮಂಜುಗಡ್ಡೆ ಬೇಡ. ಚರ್ಮದ ರಕ್ತನಾಳ ಮುದುಡಿ ಒಳಗಿನ ಬಿಸಿ ಒಳಗೇ ಉಳಿದುಬಿಡುತ್ತದೆ.

ನಡುಗುವ ನಾಯಿಯ ಬಾಯಿಗೆ ಕ್ಯಾಲ್ಸಿಯಂ ಸಿರಪ್ ಹುಯ್ಯುವುದು ಅತ್ಯಂತ ಸಾಮಾನ್ಯ ತಪ್ಪು. ದವಡೆ ಬಿಗಿದಿರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂ ಕೊರತೆಯಿಂದ ಬದುಕಿದ ನಾಯಿ ನ್ಯುಮೋನಿಯಾಕ್ಕೆ ಸಾಯುತ್ತದೆ. ಹೊಟ್ಟೆಗೆ ಹೋದರೂ ರಕ್ತ ಸೇರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹತ್ತಿರದ ಕಾಂಪೌಂಡರ್ ಕೈಯಲ್ಲಿ ಮಾಂಸಖಂಡಕ್ಕೆ ಕ್ಯಾಲ್ಸಿಯಂ ಚುಚ್ಚಿಸುವುದೂ ಬೇಡ. ಆ ಜಾಗದ ಮಾಂಸ ಕೊಳೆತು ಉದುರಬಹುದು.

ಹೊರಡುವ ಮೊದಲು ಫೋನ್ ಮಾಡಿ ಮೂರು ವಿಷಯ ಹೇಳಿ: ತೂಕ ಎಷ್ಟು, ಮರಿ ಹಾಕಿ ಎಷ್ಟು ದಿನ, ಇವತ್ತು ಯಾವುದಾದರೂ ಇಂಜೆಕ್ಷನ್ ಅಥವಾ ಮಾತ್ರೆ ಕೊಟ್ಟಿದ್ದೀರಾ. ಮೂರನೆಯದನ್ನು ಮುಚ್ಚಿಡಬೇಡಿ. ಈಗಾಗಲೇ ಒಮ್ಮೆ ಕ್ಯಾಲ್ಸಿಯಂ ಹೋಗಿದ್ದರೆ ಮುಂದಿನ ಲೆಕ್ಕವೇ ಬದಲಾಗುತ್ತದೆ.

ಆಂಪೂಲ್ ಆರಿಸುವುದು, ಲೆಕ್ಕ ಹಾಕುವುದು

ಬೇಕಾದ್ದು ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್, ಹತ್ತು ಮಿ.ಲೀ. ಆಂಪೂಲ್. ಅದರ ಪ್ರತಿ ಮಿ.ಲೀ.ನಲ್ಲಿ ಸುಮಾರು 9.3 ಮಿ.ಗ್ರಾಂ ಶುದ್ಧ ಕ್ಯಾಲ್ಸಿಯಂ ಇರುತ್ತದೆ. ಶೇ. 10ರ ಕ್ಯಾಲ್ಸಿಯಂ ಕ್ಲೋರೈಡ್ ಆಂಪೂಲ್ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಅದರಲ್ಲಿ ಪ್ರತಿ ಮಿ.ಲೀ.ಗೆ ಸುಮಾರು 27 ಮಿ.ಗ್ರಾಂ, ಅಂದರೆ ಮೂರು ಪಟ್ಟು. ಶಿರೆಯಿಂದ ಆಚೆ ಸೋರಿದರೆ ಅದು ಮಾಡುವ ಹಾನಿಯೂ ಗ್ಲುಕೋನೇಟ್‌ಗಿಂತ ಹೆಚ್ಚು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಡೆಯುವ ಮುಂಚೆ ಹೆಸರನ್ನು ಇಬ್ಬರು ಓದಬೇಕು, ಗಟ್ಟಿಯಾಗಿ.

ದನಗಳಿಗೆ ಕೊಡುವ 450 ಮಿ.ಲೀ. ಬಾಟಲಿಯಿಂದ ಸಿರಿಂಜಿಗೆ ಎಳೆದುಕೊಳ್ಳುವುದು ಇನ್ನೊಂದು ಅಪಾಯ. ಅದರಲ್ಲಿರುವುದು ಬೇರೆ ಸಾಂದ್ರತೆಯ ಬೋರೋಗ್ಲುಕೋನೇಟ್. ಅನೇಕ ಬಾಟಲಿಗಳಲ್ಲಿ ಮೆಗ್ನೀಸಿಯಂ, ರಂಜಕ, ಡೆಕ್ಸ್‌ಟ್ರೋಸ್ ಕೂಡ ಸೇರಿರುತ್ತವೆ. ಹಸುವಿನ ಲೆಕ್ಕದ ಆ ಬಾಟಲಿಯನ್ನು ಆರು ಕೆಜಿಯ ನಾಯಿಗೆ ಅಂದಾಜಿನಲ್ಲಿ ಇಳಿಸಬಾರದು.

ಶೇ. 10ರ ಗ್ಲುಕೋನೇಟ್ ಪ್ರಮಾಣ ಪ್ರತಿ ಕೆಜಿಗೆ 0.5ರಿಂದ 1.5 ಮಿ.ಲೀ. ನಮ್ಮ ಆರು ಕೆಜಿ ನಾಯಿಗೆ ಅದು 3ರಿಂದ 9 ಮಿ.ಲೀ. ನಡುವೆ ಬರುತ್ತದೆ. 6 ಮಿ.ಲೀ. ಇಟ್ಟುಕೊಳ್ಳೋಣ. ಅದನ್ನು ಅಷ್ಟೇ ಅಳತೆಯ ನಾರ್ಮಲ್ ಸಲೈನ್ ಅಥವಾ ಶೇ. 5ರ ಡೆಕ್ಸ್‌ಟ್ರೋಸ್ ಜೊತೆ ಬೆರೆಸಿದರೆ ಒಟ್ಟು 12 ಮಿ.ಲೀ. ಇದು ಇಪ್ಪತ್ತು ನಿಮಿಷದಲ್ಲಿ ಹೋಗಬೇಕು, ಅಂದರೆ ನಿಮಿಷಕ್ಕೆ 0.6 ಮಿ.ಲೀ. ಸಿರಿಂಜ್ ಪಂಪ್ ಇದ್ದರೆ ಗಂಟೆಗೆ 36 ಮಿ.ಲೀ. ಎಂದು ಹಾಕಿ. ಪಂಪ್ ಇಲ್ಲದಿದ್ದರೆ ಮಕ್ಕಳಿಗೆ ಬಳಸುವ ಬ್ಯೂರೆಟ್ ಇರುವ ಮೈಕ್ರೋಡ್ರಿಪ್ ಸೆಟ್ ತೆಗೆದುಕೊಳ್ಳಿ. ಅದರಲ್ಲಿ 60 ಹನಿಗೆ ಒಂದು ಮಿ.ಲೀ., ಹಾಗಾಗಿ ನಿಮಿಷಕ್ಕೆ 36 ಹನಿ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಒಂದು ಮಿ.ಲೀ., ಅಲ್ಲಿ ನಿಮಿಷಕ್ಕೆ 12 ಹನಿ. ನಡುಗುವ ನಾಯಿ ಕಾಲು ಎಳೆದಾಗ ಹನಿಯ ವೇಗ ಏರುಪೇರಾಗುವುದರಿಂದ ಸಾಮಾನ್ಯ ಸೆಟ್ ಕೊನೆಯ ಆಯ್ಕೆ. ಅದಕ್ಕಿಂತ ಇಪ್ಪತ್ತು ಮಿ.ಲೀ. ಸಿರಿಂಜಿನಲ್ಲಿ ಕೈಯಿಂದಲೇ, ಗಡಿಯಾರ ನೋಡಿಕೊಂಡು, ಎರಡು ನಿಮಿಷಕ್ಕೆ ಒಂದು ಮಿ.ಲೀ.ಗಿಂತ ತುಸು ಹೆಚ್ಚು ಎನ್ನುವ ಹದದಲ್ಲಿ ತಳ್ಳುವುದು ಮೇಲು. 500 ಮಿ.ಲೀ. ಬಾಟಲಿಗೆ ಸುರಿದು ನೇತುಹಾಕಬೇಡಿ. ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವೇ ಸಿಗುವುದಿಲ್ಲ, ನಡುಕ ನಿಲ್ಲುವಷ್ಟು ಹೋಗಲು ಗಂಟೆಗಟ್ಟಲೆ ಬೇಕಾಗುತ್ತದೆ.

ಈ ದ್ರಾವಣಕ್ಕೆ ಬೇರೇನನ್ನೂ ಸೇರಿಸಬೇಡಿ. ಸೋಡಿಯಂ ಬೈಕಾರ್ಬೊನೇಟ್ ಸೇರಿದರೆ ಸುಣ್ಣದಂತೆ ಗರಣೆಗಟ್ಟುತ್ತದೆ. ಅದನ್ನು ಬೇರೆಯಾಗಿ ಕೊಟ್ಟರೂ ರಕ್ತ ಇನ್ನಷ್ಟು ಕ್ಷಾರೀಯವಾಗಿ ಬಿಡಿ ಕ್ಯಾಲ್ಸಿಯಂ ಇಳಿಯುತ್ತದೆ. ಜ್ವರ ನೋಡಿ ಸೋಂಕೆಂದು ಸೆಫ್‌ಟ್ರಯಾಕ್ಸೋನ್ ಕೊಡುವ ರೂಢಿ ಇದೆ. ಅದು ಕ್ಯಾಲ್ಸಿಯಂ ಜೊತೆ ಒಂದೇ ಲೈನಿನಲ್ಲಿ ಸೇರಿದರೆ ಹರಳುಗಟ್ಟುತ್ತದೆ. ಫಾಸ್ಫೇಟ್ ಇರುವ ದ್ರಾವಣವೂ ಹಾಗೇ.

ಹನಿ ಇಳಿಯುವಾಗ

ಮುಂಗಾಲಿನ ಶಿರೆಗೆ 22 ಅಥವಾ 24 ಗೇಜಿನ ಕ್ಯಾನುಲಾ ಹಾಕಿ. ಬರೀ ಸೂಜಿಯಲ್ಲಿ ಕೊಡುವುದು ಬೇಡ, ಒಂದು ಸೆಳೆತಕ್ಕೆ ಅದು ಶಿರೆಯಿಂದ ಆಚೆ ಬರುತ್ತದೆ. ಪ್ಲಾಸ್ಟರ್ ಸುತ್ತಿದ ಮೇಲೆ ಎರಡು ಮೂರು ಮಿ.ಲೀ. ಸಲೈನ್ ತಳ್ಳಿ ನೋಡಿ. ಸುತ್ತ ಉಬ್ಬದೆ ಸರಾಗವಾಗಿ ಹೋಗಬೇಕು. ಶಿರೆ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಕ್ಯಾಲ್ಸಿಯಂ ಜೋಡಿಸಿ. ದ್ರಾವಣ ಮೈಯಷ್ಟೇ ಬೆಚ್ಚಗಿರಲಿ.

ಇಲ್ಲಿ ಇಬ್ಬರು ಬೇಕು. ಒಬ್ಬರ ಕೆಲಸ ಸಿರಿಂಜ್ ಮತ್ತು ಗಡಿಯಾರ. ಇನ್ನೊಬ್ಬರು ಸ್ಟೆತಸ್ಕೋಪ್ ಅನ್ನು ಎದೆಯ ಎಡಭಾಗಕ್ಕೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ತೊಡೆಯ ಒಳಬದಿಯ ನಾಡಿಯ ಮೇಲಿಟ್ಟು ಕೂರಬೇಕು. ಇಸಿಜಿ ಇದ್ದರೆ ಖಂಡಿತ ಹಾಕಿ. ಅದಿದ್ದರೂ ಕಿವಿ ಎದೆಯ ಮೇಲೇ ಇರಲಿ, ನಡುಕದ ನಾಯಿಯ ಇಸಿಜಿ ಗೆರೆ ಸಾಲುಸಾಲಾಗಿ ಕೆದರಿಕೊಂಡಿರುತ್ತದೆ.

ಹೃದಯದ ಬಡಿತ ಇಳಿಯುವುದು ಇಲ್ಲಿ ಒಳ್ಳೆಯದೂ ಹೌದು, ಕೆಟ್ಟದೂ ಹೌದು. ಈ ವ್ಯತ್ಯಾಸ ತಿಳಿದವರಿಗೆ ಮಾತ್ರ ಈ ಕೆಲಸ ಒಪ್ಪಿಸಬೇಕು. 190ರಲ್ಲಿದ್ದ ಬಡಿತ ಹತ್ತು ಹದಿನೈದು ನಿಮಿಷದಲ್ಲಿ ಮೆಲ್ಲಗೆ 140, 130ಕ್ಕೆ ಬಂದು, ಅದರ ಜೊತೆಗೇ ನಡುಕವೂ ತಗ್ಗುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ. ಒಂದೇ ನಿಮಿಷದಲ್ಲಿ ಮೂವತ್ತು ನಲವತ್ತು ಬಡಿತ ಜಾರಿತು, ನಡುವೆ ಬಡಿತ ತಪ್ಪಿತು, ಎದೆಯಲ್ಲಿ ಕೇಳಿದ ಬಡಿತಕ್ಕೆ ತೊಡೆಯಲ್ಲಿ ನಾಡಿ ಸಿಗಲಿಲ್ಲ ಎಂದರೆ ಅದು ಕ್ಯಾಲ್ಸಿಯಂ ಹೃದಯದ ಮೇಲೆ ಕೂತಿರುವ ಗುರುತು. ಆ ಕ್ಷಣ ನಿಲ್ಲಿಸಿ. ನಿಧಾನಗೊಳಿಸುವುದಲ್ಲ, ಪೂರ್ತಿ ನಿಲ್ಲಿಸುವುದು. ಇಸಿಜಿಯಲ್ಲಾದರೆ ಕ್ಯೂಟಿ ಅಂತರ ಕಿರಿದಾಗುವುದು, ಎಸ್‌ಟಿ ಭಾಗ ಮೇಲೇರುವುದು, ನಡುನಡುವೆ ಅಗಲವಾದ ಅಕಾಲಿಕ ಬಡಿತಗಳು ಕಾಣುವುದು. ಬಡಿತ ಮತ್ತೆ ಲಯಕ್ಕೆ ಬಂದ ಮೇಲೆ, ನಡುಕ ಇನ್ನೂ ಇದ್ದರೆ ಮಾತ್ರ, ಅರ್ಧ ವೇಗದಲ್ಲಿ ಮುಂದುವರಿಸಬಹುದು.

ನಾಯಿ ನಾಲಗೆ ಚಾಚಿ ತುಟಿ ನೆಕ್ಕತೊಡಗಿದರೆ, ಓಕರಿಸಿದರೆ, ವಾಂತಿ ಮಾಡಿದರೆ ಅದೂ ವೇಗ ಹೆಚ್ಚಾದ ಸೂಚನೆಯೇ. ಹನಿ ನಿಲ್ಲಿಸಿ ತಲೆಯನ್ನು ಬಗ್ಗಿಸಿ ಹಿಡಿಯಿರಿ.

ಗುರಿ 12 ಮಿ.ಲೀ. ಮುಗಿಸುವುದಲ್ಲ, ನಡುಕ ನಿಲ್ಲಿಸುವುದು. 8 ಮಿ.ಲೀ. ದ್ರಾವಣ ಹೋಗುವಷ್ಟರಲ್ಲಿ ದವಡೆ ಸಡಿಲವಾಗಿ, ಕಾಲು ಮಡಚಿ, ನಾಯಿ ಉಚ್ಚೆ ಹೊಯ್ದು ನಿಟ್ಟುಸಿರು ಬಿಟ್ಟು ಮಲಗಿತು ಎಂದುಕೊಳ್ಳಿ. ಅಲ್ಲಿಗೆ ನಿಲ್ಲಿಸಿ. ಉಳಿದ 4 ಮಿ.ಲೀ. ಸಿರಿಂಜಿನಲ್ಲೇ ಇರಲಿ. ಸಣ್ಣ ನಡುಕ ಉಳಿದಿದೆ ಎಂದು ಪೂರ್ತಿ ಕೊಟ್ಟ ಮೇಲೂ ಪ್ರಯೋಜನ ಕಾಣದಿದ್ದರೆ ಒಟ್ಟು 9 ಮಿ.ಲೀ. ಗ್ಲುಕೋನೇಟ್ ದಾಟುವ ಮೊದಲು ಕೈ ತಡೆದು ಯೋಚಿಸಿ. ಸಕ್ಕರೆ ಇಳಿದಿದೆಯೇ? ಮೆಗ್ನೀಸಿಯಂ ಕಡಿಮೆಯೇ? ಬಿಸಿಯಿಂದ ಮಿದುಳಿಗೆ ಪೆಟ್ಟಾಗಿದೆಯೇ? ಅಥವಾ ಇದು ಮೊದಲಿನಿಂದಲೂ ವಿಷಪ್ರಾಶನವೇ?

ಕ್ಯಾನುಲಾ ಸರಿದು ಕ್ಯಾಲ್ಸಿಯಂ ಚರ್ಮದಡಿ ಸೋರಿದರೆ ಗಾಬರಿಯಲ್ಲಿ ತಕ್ಷಣ ಕಿತ್ತುಬಿಡಬೇಡಿ. ಮೊದಲು ಅದೇ ಕ್ಯಾನುಲಾದಿಂದ ಎಷ್ಟು ಬರುತ್ತದೋ ಅಷ್ಟನ್ನು ಹಿಂದಕ್ಕೆ ಎಳೆದುಕೊಳ್ಳಿ, ಆಮೇಲೆ ತೆಗೆಯಿರಿ. ಊದಿದ ಜಾಗಕ್ಕೆ ಸಲೈನ್ ಹರಡಿ ಸಾಂದ್ರತೆ ಇಳಿಸಿ. ಚರ್ಮ ಕಪ್ಪಾಗುವುದು ಕೆಲವು ದಿನ ಕಳೆದು ಕಾಣಿಸುವುದರಿಂದ ಮನೆಯವರಿಗೆ ಆ ಜಾಗ ತೋರಿಸಿ ಕಳಿಸಿ.

ಜೊತೆಗೆ ಬೇಕಾಗುವುದು

ಕ್ಯಾಲ್ಸಿಯಂ ಹೋಗುತ್ತಿದ್ದರೂ ಫಿಟ್ಸ್ ನಿಲ್ಲದಿದ್ದರೆ ಡಯಾಜೆಪಾಮ್, ಪ್ರತಿ ಕೆಜಿಗೆ 0.5 ಮಿ.ಗ್ರಾಂ. ಈ ನಾಯಿಗೆ 3 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 5 ಮಿ.ಗ್ರಾಂ ಇರುವ ಆಂಪೂಲಿನಲ್ಲಿ 0.6 ಮಿ.ಲೀ. ಬೇರೆ ಸಿರಿಂಜಿನಲ್ಲಿ, ಹಿಂದೆ ಮುಂದೆ ಸಲೈನ್ ತಳ್ಳಿ, ನಿಧಾನವಾಗಿ ಕೊಡಿ. ಸಕ್ಕರೆ 60ಕ್ಕಿಂತ ಕೆಳಗಿದ್ದರೆ ಶೇ. 25ರ ಡೆಕ್ಸ್‌ಟ್ರೋಸ್ ಪ್ರತಿ ಕೆಜಿಗೆ ಒಂದೆರಡು ಮಿ.ಲೀ.

ಸ್ಟೀರಾಯ್ಡ್ ಬೇಡ. ಡೆಕ್ಸಾಮೆಥಸೋನ್ ಎಲ್ಲದಕ್ಕೂ ಕೊಡುವ ಅಭ್ಯಾಸ ಕೆಲವರಲ್ಲಿದೆ. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತಗ್ಗಿಸಿ, ಮೂತ್ರದಲ್ಲಿ ಹೊರಹೋಗುವುದನ್ನು ಹೆಚ್ಚಿಸುತ್ತದೆ. ಈ ನಾಯಿಗೆ ಬೇಕಾದ್ದಕ್ಕೆ ತದ್ವಿರುದ್ಧ.

ಮೈ ತಂಪು ಮಾಡುವುದನ್ನು 103 ಡಿಗ್ರಿಗೆ ನಿಲ್ಲಿಸಿ. ನಡುಕ ನಿಂತ ಕೂಡಲೇ ಬಿಸಿ ಹುಟ್ಟುವುದೇ ನಿಲ್ಲುತ್ತದೆ. ಒದ್ದೆ ಮೈಯ ಮೇಲೆ ಫ್ಯಾನ್ ಹಾಗೇ ತಿರುಗುತ್ತಿದ್ದರೆ ಅರ್ಧ ಗಂಟೆಯಲ್ಲಿ 99ಕ್ಕೆ ಇಳಿದು ನಾಯಿ ಈಗ ಚಳಿಗೆ ನಡುಗತೊಡಗುತ್ತದೆ. ಅದನ್ನು ನೋಡಿ ಕಾಯಿಲೆ ಮರುಕಳಿಸಿತೆಂದು ಎರಡನೇ ಸಲ ಕ್ಯಾಲ್ಸಿಯಂ ಕೊಡುವುದು ಘೋರ ತಪ್ಪು. ಪುನಃ ಕೊಡುವ ಮುಂಚೆ ಥರ್ಮಾಮೀಟರ್ ನೋಡಿ.

ಮೊದಲ ರಾತ್ರಿ ಮತ್ತು ಮರಿಗಳು

ಶಿರೆಗೆ ಕೊಟ್ಟ ಕ್ಯಾಲ್ಸಿಯಂ ಕೆಲವೇ ಗಂಟೆ ಉಳಿಯುತ್ತದೆ. ಅದೇ ರಾತ್ರಿ ನಡುಕ ಮರಳಬಹುದು. ಅದಕ್ಕೆಂದು ಚರ್ಮದಡಿ ಗ್ಲುಕೋನೇಟ್ ಕೊಟ್ಟು ಕಳಿಸುವ ಪದ್ಧತಿ ಇದೆ. ಸಲೈನಿನಲ್ಲಿ ಚೆನ್ನಾಗಿ ತೆಳುಮಾಡಿ ಎರಡು ಮೂರು ಕಡೆ ಹಂಚಿ ಕೊಟ್ಟರೂ ಚರ್ಮ ಗಟ್ಟಿಯಾಗಿ ಸುಣ್ಣಗಟ್ಟುವುದು, ಉದುರುವುದು ಉಂಟು. ರಾತ್ರಿ ಮತ್ತೆ ಕರೆತರಲು ಆಗದಷ್ಟು ದೂರದವರಿಗೆ ಬಿಟ್ಟು ಉಳಿದವರಿಗೆ ಅದು ಬೇಡ ಎಂಬುದೇ ನಮ್ಮ ನಿಲುವು. ಕ್ಲೋರೈಡ್ ಅಂತೂ ಚರ್ಮದಡಿ ಎಂದೂ ಕೂಡದು.

ನಾಯಿ ಪೂರ್ತಿ ಎಚ್ಚರವಾಗಿ ತಾನೇ ನೀರು ನೆಕ್ಕಿದ ಮೇಲೆ ಬಾಯಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಶುರುಮಾಡಿ. ದಿನಕ್ಕೆ ಪ್ರತಿ ಕೆಜಿಗೆ 25ರಿಂದ 50 ಮಿ.ಗ್ರಾಂ ಶುದ್ಧ ಕ್ಯಾಲ್ಸಿಯಂ ಬೇಕು. ಆರು ಕೆಜಿಗೆ 150ರಿಂದ 300. ಅಂಗಡಿಯಲ್ಲಿ ಸಿಗುವ 1250 ಮಿ.ಗ್ರಾಂ ಕಾರ್ಬೊನೇಟ್ ಮಾತ್ರೆಯಲ್ಲಿ ಶುದ್ಧ ಕ್ಯಾಲ್ಸಿಯಂ 500 ಮಿ.ಗ್ರಾಂ. ಅದನ್ನು ಪುಡಿಮಾಡಿ ಆರು ಪಾಲು ಮಾಡಿ, ಒಂದೊಂದು ಪಾಲನ್ನು ದಿನಕ್ಕೆ ಮೂರು ಹೊತ್ತು ಊಟದ ಜೊತೆ ಕೊಟ್ಟರೆ 250 ಮಿ.ಗ್ರಾಂ ಆಗುತ್ತದೆ. ಹಾಲೂಡಿಸುವುದು ಮುಗಿಯುವವರೆಗೆ ಮುಂದುವರಿಸಿ.

ಕ್ಯಾಲ್ಸಿಯಂ ಮಾತ್ರೆಯಲ್ಲಿ ಒಂದಿಷ್ಟು ವಿಟಮಿನ್ ಡಿ3 ಇರುವುದು ಸರಿಯೇ. ಆದರೆ ಮನುಷ್ಯರಿಗೆ ವಾರಕ್ಕೊಂದು ಎಂದು ಕೊಡುವ 60,000 ಯೂನಿಟ್‌ನ ಡಿ3 ಸ್ಯಾಶೆಯನ್ನು ನಾಯಿಗೆ ಕೊಡಲೇಬೇಡಿ. ಆರು ಕೆಜಿಯ ನಾಯಿಗೆ ಅದು ವಿಷದ ಪ್ರಮಾಣ. ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.

ಮರಿಗಳನ್ನು ಕನಿಷ್ಠ 24 ಗಂಟೆ ತಾಯಿಯಿಂದ ದೂರವಿಡಿ. ಬರೀ ಹಸುವಿನ ಹಾಲು ತೀರ ತೆಳು. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಅದರ ಎರಡು ಪಟ್ಟಿಗಿಂತ ಹೆಚ್ಚಿರುತ್ತವೆ. ಮರಿಗಳಿಗೆಂದೇ ಮಾರುವ ಹಾಲಿನ ಪುಡಿ ತಂದು ಕಲಸಿ. ರಾತ್ರೋರಾತ್ರಿ ಸಿಗದಿದ್ದರೆ ಒಂದು ದಿನದ ಮಟ್ಟಿಗೆ ಗಟ್ಟಿ ಹಾಲಿಗೆ ಮೊಟ್ಟೆಯ ಹಳದಿ ಭಾಗ ಕಲಸಿ ನಿಭಾಯಿಸಬಹುದು. 400 ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ ಸುಮಾರು 16 ಮಿ.ಲೀ., ಮೂರು ನಾಲ್ಕು ಗಂಟೆಗೊಮ್ಮೆ, ಉಗುರುಬೆಚ್ಚಗೆ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ, ಹೊಟ್ಟೆ ಕೆಳಗಾಗಿ ಇರಲಿ. ಮೂರು ವಾರ ತುಂಬದ ಮರಿಗೆ ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಸವರಿ ಉಚ್ಚೆ ಮಾಡಿಸಬೇಕು, ಆ ಕೆಲಸ ಮಾಡುತ್ತಿದ್ದ ತಾಯಿ ಈಗ ಪಕ್ಕದಲ್ಲಿಲ್ಲ.

ಮರುದಿನ ತಾಯಿ ಚೆನ್ನಾಗಿದ್ದರೆ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಹೊತ್ತು ಮಾತ್ರ ಮರಿ ಬಿಡಬಹುದು. ಉಳಿದ ಹಸಿವಿಗೆ ಬಾಟಲಿ. ನಡುಕ ಮತ್ತೊಮ್ಮೆ ಬಂದರೆ ಆ ಸಲದ ಹಾಲೂಡಿಕೆ ಅಲ್ಲಿಗೆ ಮುಗಿಯಿತು. ಮರಿಗಳು ನಾಲ್ಕು ವಾರದ ಹತ್ತಿರವಿದ್ದರೆ ನೇರವಾಗಿ ಮೆತ್ತನೆಯ ಆಹಾರಕ್ಕೆ ದಾಟಿಸಿ.

ಮುಂದಿನ ಸೂಲಿಗೆ

ಒಮ್ಮೆ ಬಂದ ನಾಯಿಗೆ ಮುಂದಿನ ಸಲವೂ ಬರುವ ಸಾಧ್ಯತೆ ಹೆಚ್ಚು. ಅದಕ್ಕೆ ಹೆದರಿ ಗರ್ಭದಲ್ಲಿರುವಾಗಲೇ ಕ್ಯಾಲ್ಸಿಯಂ ಟಾನಿಕ್ ಹುಯ್ಯುವವರು ಬಹಳ. ಅದರಿಂದ ಕಾಯಿಲೆ ಬರುವುದೇ ಹೆಚ್ಚಾಗುತ್ತದೆ. ಹೊರಗಿನಿಂದ ಧಾರಾಳವಾಗಿ ಸಿಗುವಾಗ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಬಿಟ್ಟು ಕೂರುತ್ತದೆ. ಹಾಲು ಇಳಿದ ದಿನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯಬೇಕೆಂದರೆ ಅದಕ್ಕೆ ಎಚ್ಚರಾಗಲು ದಿನಗಳೇ ಬೇಕು. ಗರ್ಭದಲ್ಲಿ ಸಮತೋಲನದ ಆಹಾರ ಸಾಕು. ಕ್ಯಾಲ್ಸಿಯಂ ಮಾತ್ರೆ, ಹಿಂದೆ ಎಕ್ಲಾಂಪ್ಸಿಯಾ ಬಂದ ನಾಯಿಗೆ, ಮರಿ ಹಾಕಿದ ದಿನದಿಂದ.

ಊಟದ ವಿಷಯದಲ್ಲಿ ನಮ್ಮ ಮನೆಗಳ ಚಿಕನ್ ಅನ್ನ, ಮೊಸರನ್ನ ಎರಡೂ ಹಾಲೂಡಿಸುವ ನಾಯಿಗೆ ಸಾಲವು. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಅತ್ಯಲ್ಪ. ರಾಗಿ ಅಂಬಲಿಯನ್ನು ನೆಚ್ಚಿಕೊಳ್ಳುವವರಿಗೂ ಒಂದು ಮಾತು: ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ನಿಜ, ಆದರೆ ಅದರಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಕಡಿಮೆ. ಗರ್ಭದ ಕೊನೆಯ ಮೂರು ವಾರದಿಂದ ಮರಿ ಬಿಡಿಸುವವರೆಗೆ ಒಳ್ಳೆಯ ಪಪ್ಪಿ ಫುಡ್, ದಿನಕ್ಕೆ ಮೂರು ನಾಲ್ಕು ಹೊತ್ತು, ತಿನ್ನುವಷ್ಟು. ನಾಲ್ಕಕ್ಕಿಂತ ಹೆಚ್ಚು ಮರಿಗಳಿದ್ದರೆ ಎರಡನೇ ವಾರದಿಂದಲೇ ಕೆಲವು ಹೊತ್ತು ಬಾಟಲಿ ಹಾಲು ಅಭ್ಯಾಸ ಮಾಡಿಸಿ, ಮೂರನೇ ವಾರದಿಂದ ಕಲಸಿದ ಆಹಾರ ತಟ್ಟೆಯಲ್ಲಿಡಿ. ಹತ್ತನೇ ದಿನದಿಂದ ಮೂವತ್ತನೇ ದಿನದವರೆಗೆ ದಿನಕ್ಕೊಮ್ಮೆ ತಾಯಿಯ ತೊಡೆಯ ಮೇಲೆ ಅಂಗೈಯಿಟ್ಟು ಅರ್ಧ ನಿಮಿಷ ಸುಮ್ಮನೆ ಕೂತು ನೋಡಿ. ಚರ್ಮದಡಿ ಪಟಪಟ ಸಿಕ್ಕಿದರೆ ಆ ಸಂಜೆಯೇ ವೈದ್ಯರ ಬಳಿ ಹೋಗಿ.